ಕಡಜ ಕಚ್ಚಿದ್ರೆ ಬ್ಯಾಗ್ ತೋಟಕ್ಕೆ ಹೋಗ್ಬೇಕು, ಪೇಶೆಂಟ್ ನಡ್ಕೊಂಡು ಬರಬಾರ್ದು: ನನ್ನ ಅನುಭವ

ಕೊಡಗಿನ ಸಿದ್ದಾಪುರ ಕಡೆ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಲಿ ನಾನು ಹನ್ನೊಂದು ವರ್ಷದಿಂದ ನರ್ಸ್. ಡಾಕ್ಟರ್ ವಾರಕ್ಕೆ ಎರಡು ದಿನ ಬರ್ತಾರೆ, ಉಳಿದ ದಿನ ನಾನು, ಒಂದು ಬಿಪಿ ಮೆಷಿನ್, ಒಂದು ಆಕ್ಸಿಜನ್ ಸಿಲಿಂಡರ್ ಅಷ್ಟೇ. ಈ ಕುಯ್ಲಿನಲ್ಲಿ ಒಂದು ಅನಾಫಿಲಾಕ್ಸಿಸ್, ಅಂದ್ರೆ ಜೀವಕ್ಕೇ ಕುತ್ತು ತರೋ ಅಲರ್ಜಿ ಕೇಸ್ ನಾನು ಹೇಳ್ಕೊಂಡು ಬಂದಿದ್ದ ರೀತೀಲೇ ಮಾಡಿ ಪೇಶೆಂಟ್ ಉಳಿದ ಮೇಲೆ, ಇಷ್ಟು ದಿನ "ಸಿಸ್ಟರ್‌ಗೆ ಅಡ್ರಿನಲಿನ್ ಹುಚ್ಚು" ಅಂತ ನಗ್ತಿದ್ದವರೇ ಫೋನ್ ಮಾಡಿ ಏನು ಮಾಡ್ದೆ ಅಂತ ಕೇಳ್ತಿದಾರೆ. ಒಬ್ಬೊಬ್ರಿಗೂ ಹೇಳೋದಕ್ಕಿಂತ ಬರೆದು ಹಾಕೋಣ ಅಂತ.

ಮೊದಲು ನಾನು ಕೆಟ್ಟಿದ್ದು ಹೇಳ್ತೀನಿ. ಐದು ವರ್ಷದ ಹಿಂದೆ ನಮ್ಮ ಮೇಸ್ತ್ರಿಗೆ ರೊಬಸ್ಟಾ ಗಿಡದೊಳಗಿನ ಕಡಜದ ಗೂಡು ತಾಗಿ ಮೂರು ಕಡೆ ಕಚ್ಚಿತು. ಅವ್ರು ಒಂದು ಕಿಲೋಮೀಟರ್ ಏರು ಹತ್ತಿ ನಡ್ಕೊಂಡೇ ಡಿಸ್ಪೆನ್ಸರಿಗೆ ಬಂದ್ರು. ಮೈ ಕೆಂಪಾಗಿತ್ತು, ಅಂಗೈ ತುರಿಕೆ, ಒಂದು ಸಲ ವಾಂತಿ. ನಾನು ಏವಿಲ್ ಕೊಟ್ಟೆ, ಎಫ್‌ಕಾರ್ಲಿನ್ ಅನ್ನೋ ಸ್ಟಿರಾಯ್ಡ್ ಕೊಟ್ಟೆ, ಕಡಿಮೆ ಆಗುತ್ತೆ ಅಂತ ಕಾಯ್ದೆ. ಆಗ್ಲಿಲ್ಲ. ಅಡ್ರಿನಲಿನ್ ತೆಗೆದೆ, ಆದ್ರೆ ಕೈ ನಡುಗ್ತಿತ್ತು, ಹಳೇ ಅಭ್ಯಾಸದ ಹಾಗೆ ತೋಳಿನಲ್ಲಿ ಚರ್ಮದ ಕೆಳಗೆ 0.3 ಎಂಎಲ್ ಕೊಟ್ಟು ಬೆಂಚಿನ ಮೇಲೆ ಕೂರಿಸಿದೆ. ಹತ್ತು ನಿಮಿಷ ಆಗಿರ್ಬೇಕು, "ಸಿಸ್ಟರಮ್ಮ, ಹೊಟ್ಟೆ ಕಲಸ್ತಿದೆ, ಬಾತ್ರೂಮಿಗೆ ಹೋಗಿ ಬರ್ತೀನಿ" ಅಂತ ಎದ್ರು. ನಾನೇ ಕೈ ಹಿಡ್ಕೊಂಡೆ. ಬಾಗಿಲು ದಾಟೋದ್ರೊಳಗೆ ಕುಸಿದ್ರು, ಕೈಯಲ್ಲಿ ಪಲ್ಸ್ ಸಿಗ್ಲಿಲ್ಲ. ಅಲ್ಲೇ ನೆಲದ ಮೇಲೆ ಮಲಗಿಸಿ ಕಾಲು ಸ್ಟೂಲಿನ ಮೇಲೆ ಇಟ್ಟು, ಫೋನಿನಲ್ಲಿ ಡಾಕ್ಟರ್ "ತೊಡೆಗೆ ಐಎಂ ಹಾಕು, ಅರ್ಧ ಎಂಎಲ್" ಅಂದ್ರು, ಐಎಂ ಅಂದ್ರೆ ಸ್ನಾಯುವಿಗೆ, ಹಾಕಿದೆ. ದೇವ್ರು ದೊಡ್ಡವನು, ಬದುಕಿದ್ರು. ಆದ್ರೆ ಆ ಕುಸಿಯೋದನ್ನ ನೋಡಿದ ಮೇಲೆ ನಾನು ಬೇರೆ ಮನುಷ್ಯಳಾದೆ.

ತಪ್ಪು ಏವಿಲ್‌ದಲ್ಲ. ತುರಿಕೆಗೆ ಅದು ಸರಿ, ಆದ್ರೆ ಬಿಪಿ ಎತ್ತೋಕೆ, ಗಂಟಲಿನ ಊತ ಇಳಿಸೋಕೆ ಅದಕ್ಕೆ ತಾಕತ್ತಿಲ್ಲ. ಸ್ಟಿರಾಯ್ಡ್ ಕೆಲಸ ಶುರು ಮಾಡೋಕೆ ಗಂಟೆಗಟ್ಟಲೆ ಬೇಕು. ಚರ್ಮದ ಕೆಳಗೆ ಕೊಟ್ಟ ಅಡ್ರಿನಲಿನ್ ಅಲ್ಲಿನ ರಕ್ತನಾಳಾನೇ ಬಿಗಿ ಮಾಡ್ಕೊಂಡು ಅಲ್ಲೇ ಕೂತಿರುತ್ತೆ. ಮಕ್ಕಳ ಮೇಲೆ ಮಾಡಿದ ಒಂದು ಹಳೇ ಅಳತೆ ನೋಡಿದೆ, ತೊಡೆ ಸ್ನಾಯುವಿಗೆ ಕೊಟ್ರೆ ಸುಮಾರು 8 ನಿಮಿಷದಲ್ಲಿ ರಕ್ತದಲ್ಲಿ ಮೇಲಕ್ಕೆ ಹೋಗುತ್ತೆ, ಚರ್ಮದ ಕೆಳಗಾದ್ರೆ ಅರ್ಧ ಗಂಟೆ ಮೇಲೆ. ಇನ್ನು ಎದ್ದು ನಿಲ್ಲಿಸಿದ್ದು. ಆ ಹೊತ್ತಿನಲ್ಲಿ ರಕ್ತವೆಲ್ಲ ಕಾಲಿಗೆ ಇಳಿದಿರುತ್ತೆ, ನಿಲ್ಲಿಸಿದ್ರೆ ಹೃದಯಕ್ಕೆ ವಾಪಸ್ ಬರೋಕೆ ಏನೂ ಉಳಿಯಲ್ಲ. ಕೂತಿದ್ದವರು, ಎದ್ದವರು ಸೆಕೆಂಡಿನಲ್ಲಿ ಹೋದದ್ದನ್ನ ಇಂಗ್ಲೆಂಡಿನ ಪಂಫ್ರಿ ಅನ್ನೋರು 2003ರಲ್ಲೇ ಬರೆದಿದ್ರು. ನನಗೆ ಅದು ಗೊತ್ತಾಗಿದ್ದು ಮೇಸ್ತ್ರಿ ಬಿದ್ದ ಮೇಲೆ.

ಆಮೇಲೆ ನಾನು ಹಿಡಿದ ಹಟ ಏನಂದ್ರೆ, ಪೇಶೆಂಟ್ ನನ್ನ ಹತ್ರ ಬರಬಾರ್ದು, ನಾನು ಬ್ಯಾಗ್ ಹಿಡ್ಕೊಂಡು ಅಲ್ಲಿಗೆ ಹೋಗ್ಬೇಕು. ಇದಕ್ಕೆ ಎರಡು ಕಡೆ ಜಗಳ. ವಾರಕ್ಕೆ ಬರೋ ಡಾಕ್ಟರ್‌ಗೆ "ನರ್ಸ್ ಅಡ್ರಿನಲಿನ್ ಕೊಟ್ಟು ಹಾರ್ಟ್ ನಿಂತ್ರೆ?" ಅನ್ನೋ ಭಯ. ಆ ಭಯ ಹುಟ್ಟಿದ್ದು ಯಾರೋ ಇಡೀ ಆಂಪೂಲ್‌ನ ಐವಿಯಲ್ಲಿ, ಅಂದ್ರೆ ನೇರ ರಕ್ತನಾಳಕ್ಕೆ ತಳ್ಳಿ ಕೆಟ್ಟ ಕಥೆಗಳಿಂದ, ಐಎಂನಿಂದ ಅಲ್ಲ. ಅದನ್ನ ಮೂರು ಸಲ ಹೇಳಿ, ಕೊನೆಗೆ ಅವ್ರ ಕೈಯಲ್ಲೇ, ಅವ್ರಿಲ್ಲದಾಗ ನಾನೇ ಕೊಡಬಹುದು ಅನ್ನೋ ಸ್ಟ್ಯಾಂಡಿಂಗ್ ಆರ್ಡರ್ ಬರೆಸ್ಕೊಂಡು ಸೈನ್ ಹಾಕಿಸಿ ಗೋಡೆಗೆ ಅಂಟಿಸಿದೆ. ಅದಿಲ್ಲದೆ ಯಾರೂ ಕೈ ಹಾಕ್ಬೇಡಿ. ಎರಡನೇದು ದುಡ್ಡು. ಸಾಹುಕಾರ್ರು "ಎಷ್ಟಾಗುತ್ತೆ" ಅಂದ್ರು, ಆಂಪೂಲ್ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ, ಇಡೀ ಬ್ಯಾಗ್ ಸಲೈನ್ ಸೇರಿ ಐನೂರರ ಒಳಗೆ ಮುಗೀತು ಅಂದಾಗ ಅವ್ರಿಗೇ ನಾಚಿಕೆ ಆಯ್ತು. ದೊಡ್ಡ ಖರ್ಚು ಆಕ್ಸಿಜನ್ ಸಣ್ಣ ಸಿಲಿಂಡರ್, ಅದನ್ನ ಹೇಗೆ ಒಪ್ಪಿಸ್ದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ, ಸಾಹುಕಾರ್ರೂ ಇದನ್ನ ಓದ್ತಾರೆ.

ಬ್ಯಾಗಿನಲ್ಲಿ ಇರೋದು ಕಡಿಮೆ. 1:1000 ಅಡ್ರಿನಲಿನ್, ಅಂದ್ರೆ ಒಂದು ಎಂಎಲ್‌ನಲ್ಲಿ ಒಂದು ಎಂಜಿ, ನಾಲ್ಕು ಆಂಪೂಲ್. ಒಂದು ಎಂಎಲ್ ಸಿರಿಂಜು, 23 ಗೇಜ್ ಒಂದಿಂಚು ಸೂಜಿ. ಕ್ಯಾನುಲಾ, ನಾರ್ಮಲ್ ಸಲೈನ್ ಎರಡು ಬಾಟ್ಲಿ, ಸೆಟ್, ಮಾಸ್ಕ್. ಸೂಜಿ ವಿಷಯದಲ್ಲಿ ಒಂದು ಮಾತು, ಶುರುವಿನಲ್ಲಿ ನಾನು ಇನ್ಸುಲಿನ್ ಸಿರಿಂಜ್ ಇಟ್ಟಿದ್ದೆ, ಸಣ್ಣದು, ರೆಡಿ ಇರುತ್ತೆ ಅಂತ. ಅದರ ಗೆರೆ ಯೂನಿಟ್‌ನಲ್ಲಿ, ಅರ್ಧ ಎಂಎಲ್ ಅಂದ್ರೆ 40ರ ಸಿರಿಂಜ್‌ನಲ್ಲಿ 20 ಯೂನಿಟ್, ಗಾಬರೀಲಿ ಯಾರಿಗೆ ಲೆಕ್ಕ ಬರುತ್ತೆ? ಮೇಲಾಗಿ ಆ ಸೂಜಿ ಸ್ನಾಯು ಮುಟ್ಟಲ್ಲ. ಕಿತ್ತೆಸೆದೆ. ಆಮೇಲೆ ಮೊದಲೇ ಎಳೆದಿಟ್ರೆ ಟೈಮ್ ಉಳಿಯುತ್ತೆ ಅಂತ ಆರು ಸಿರಿಂಜ್ ತುಂಬಿ ಫಾಯಿಲ್ ಸುತ್ತಿ ಫ್ರಿಜ್‌ನಲ್ಲಿಟ್ಟೆ. ಮಳೆಗಾಲ, ನಮ್ಮಲ್ಲಿ ಕರೆಂಟ್ ಹೋದ್ರೆ ಮೂರು ದಿನ. ಒಂದು ತಿಂಗಳಿಗೆ ಎರಡು ಸಿರಿಂಜ್ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಣ್ಣ ಬಂದ್ರೆ ಔಷಧಿ ಹಾಳು ಅಂತ ಲೆಕ್ಕ, ಬಣ್ಣ ಬರ್ದೇ ಇದ್ರೂ ಚೆನ್ನಾಗಿದೆ ಅನ್ನೋ ಗ್ಯಾರಂಟಿ ಇಲ್ಲ. ಆರೂ ಸಿಂಕಿಗೆ. ಈಗ ಒಡೆಯದ ಆಂಪೂಲು, ಕತ್ತಲಿನ ಡಬ್ಬಿ, ಪ್ರತಿ ತಿಂಗಳು ಒಂದನೇ ತಾರೀಕು ಎಕ್ಸ್‌ಪೈರಿ ನೋಡ್ತೀನಿ. ಮೆಡಿಕಲ್ ಶಾಪಿನವರು ಒಂದು ಸಲ ನಾರ್‌ಅಡ್ರಿನಲಿನ್ ಬಾಕ್ಸ್ ಕೊಟ್ಟು ಕಳಿಸಿದ್ರು, ಅದು ಬೇರೆ ಔಷಧಿ, ಹಾಗಾಗಿ ಲೇಬಲ್ ಜೋರಾಗಿ ಓದಿದ ಮೇಲೇ ಎಳೆಯೋದು.

ಮೇಸ್ತ್ರಿಗಳಿಗೆ, ತೋಟದ ಲೆಕ್ಕ ಬರೆಯೋ ರೈಟರಿಗೆ ನಾನು ಇಂಜೆಕ್ಷನ್ ಕಲಿಸಿಲ್ಲ, ಬರೀ ಮಲಗಿಸೋದು ಕಲಿಸಿದೆ. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೆ ವಿಶಲ್ ಕೊಟ್ಟೆ, ಮೂರು ಸಲ ಊದಿದ್ರೆ ಜೀಪಿನವನು ನನ್ನ ಕರ್ಕೊಂಡು ಹೋಗ್ಬೇಕು. ಹೆಜ್ಜೇನು ಎದ್ದಿದ್ರೆ ಮೊದಲು ಅಲ್ಲಿಂದ ಹೊತ್ಕೊಂಡು ದೂರ ತರಬೇಕು, ಆಮೇಲೆ ಮಲಗಿಸೋದು.

ಈಗ ಈ ಸಲದ ಕೇಸು. ಜನವರಿ, ಬೆಳಿಗ್ಗೆ ಹತ್ತೂವರೆ ಇರ್ಬೇಕು, ಕಾಫಿ ಕುಯ್ಯೋ ಒಬ್ಬಾಕೆ, ನಲವತ್ತರ ಆಸುಪಾಸು, ಕುತ್ತಿಗೆಗೆ ಎರಡು ಕಡಜ. ವಿಶಲ್ ಕೇಳಿದ ಮೇಲೆ ನಾನು ಅಲ್ಲಿಗೆ ಸೇರೋಕೆ ಏಳೆಂಟು ನಿಮಿಷ. ದದ್ದು ಅಷ್ಟೇನಿಲ್ಲ, ಕಿವಿ ಹತ್ರ ಸ್ವಲ್ಪ ಕೆಂಪು. ಹೊಸಬ್ರು ಇದ್ರೆ ಸುಮ್ನೆ ಕಚ್ಚಿದ ನೋವು ಅಂತ ಬಿಡ್ತಿದ್ರು. ಆದ್ರೆ ಆಕೆ ಎರಡು ಸಲ ವಾಂತಿ ಮಾಡಿದ್ಳು, ದನಿ ಒಡೆದಿತ್ತು, "ಅಕ್ಕ, ನನಗೇನೋ ಆಗ್ತಿದೆ" ಅಂತ ಪಿಸುಗುಟ್ಟಿದ್ಳು. ಪಲ್ಸ್ ನೂರಾ ಮೂವತ್ತರ ಹತ್ರ, ಮೇಲಿನ ಬಿಪಿ ಎಪ್ಪತ್ತೋ ಎಪ್ಪತ್ತೆರಡೋ. ರೈಟರ್ "ರಕ್ತ ನೋಡಿ ತಲೆ ಸುತ್ತಿರ್ಬೇಕು ಸಿಸ್ಟರ್" ಅಂದ್ರು. ಹೆದರಿ ತಲೆ ಸುತ್ತಿದ್ರೆ ಸಾಮಾನ್ಯವಾಗಿ ಪಲ್ಸ್ ನಿಧಾನ ಇರುತ್ತೆ, ಮಲಗಿಸಿದ ಕೂಡ್ಲೇ ಮುಖಕ್ಕೆ ಕಳೆ ಬರುತ್ತೆ, ದನಿ ಒಡೆಯಲ್ಲ. ದದ್ದು ಬರ್ಲಿ ಅಂತ ನಾನು ಕಾಯಲಿಲ್ಲ, ಕೆಲವರಿಗೆ ಅದು ಬರೋದೇ ಇಲ್ಲ.

ಮೇಸ್ತ್ರಿ ಆಗ್ಲೇ ಮಲಗಿಸಿ ಕಾಲ ಕೆಳಗೆ ಅರ್ಧ ತುಂಬಿದ ಕಾಫಿ ಚೀಲ ಇಟ್ಟಿದ್ರು, ಅದನ್ನ ನೋಡಿ ನನಗೆ ಅರ್ಧ ಧೈರ್ಯ ಬಂತು. ಸೀರೆ ಮೇಲೆ ಗಂಡಸರ ಶರ್ಟ್ ಹಾಕ್ಕೊಂಡಿರ್ತಾರಲ್ಲ ಕುಯ್ಲಿನವರು, ಸೀರೆ ಸ್ವಲ್ಪ ಸರಿಸಿ ತೊಡೆಯ ಹೊರಗಿನ ಮಗ್ಗುಲು, ಸೊಂಟಕ್ಕೂ ಮಂಡಿಗೂ ನಡುಮಧ್ಯ, ಸೂಜಿ ನೇರ ಒಳಗೆ, 0.5 ಎಂಎಲ್. ಟೈಮ್ ಅವಳ ಕೈ ಮೇಲೇ ಪೆನ್ನಿನಲ್ಲಿ ಬರೆದೆ, 10.42. ಆಕ್ಸಿಜನ್ ಹಾಕಿ ಕ್ಯಾನುಲಾ ಹಾಕೋಕೆ ನಾಳ ಹುಡುಕ್ತಾ ಕೂತೆ, ಎಲ್ಲ ಕುಸಿದು ಎರಡು ಚುಚ್ಚು ವ್ಯರ್ಥ. ಅದಕ್ಕೇ ಹೇಳೋದು, ಲೈನ್ ಸಿಗ್ಲಿ ಆಮೇಲೆ ಅಡ್ರಿನಲಿನ್ ಅನ್ನಬೇಡಿ. ಮಧ್ಯೆ ಉಸಿರು ಕಟ್ಟುತ್ತೆ ಅಂತ ಎದ್ದು ಕೂರೋಕೆ ಹೋದ್ಳು, ಬೆನ್ನಿಗೆ ಒಂದು ಚೀಲ ಕೊಟ್ಟು ತಲೆ ಕಡೆ ಸ್ವಲ್ಪ ಎತ್ತಿದೆ, ಕಾಲು ಮಾತ್ರ ಕೆಳಗೆ ಬಿಡಲಿಲ್ಲ. ಬರೀ ಉಸಿರಿನ ತೊಂದ್ರೆ ಇದ್ದು ಬಿಪಿ ಚೆನ್ನಾಗಿದ್ರೆ ಕಾಲು ಚಾಚಿ ಕೂರಿಸಬಹುದು, ಬಸುರಿ ಆಗಿದ್ರೆ ಎಡ ಮಗ್ಗುಲಿಗೆ ಮಲಗಿಸಬೇಕು.

ಐದು ನಿಮಿಷಕ್ಕೆ ಬಿಪಿ ಎಂಬತ್ತು, ದನಿ ಹಾಗೇ ಇದೆ. ಇನ್ನೊಂದು ತೊಡೆಗೆ ಎರಡನೇ ಡೋಸ್. "ಮತ್ತೆ ಕೊಡ್ತೀರಾ?" ಅಂತ ರೈಟರ್ ಮುಖ ಬಿಳಿಚಿಕೊಂಡ್ರು. ಅಷ್ಟರಲ್ಲಿ ಲೈನ್ ಸಿಕ್ತು, ಸಲೈನ್ ಬಾಟ್ಲಿ ಹಿಂಡಿ ಹಿಂಡಿ ಐನೂರು ಎಂಎಲ್ ಹತ್ತು ನಿಮಿಷದಲ್ಲಿ ಇಳಿಸಿದೆ. ಹನ್ನೊಂದರ ಹೊತ್ತಿಗೆ ಬಿಪಿ ನೂರರ ಹತ್ರ, ಕೈ ನಡುಕ, ಎದೆ ಡವಡವ, ಅದು ಔಷಧಿಯ ಗುಣ, ಹೆದರಬೇಡಿ. ಏವಿಲ್ ಕೊಟ್ಟಿದ್ದು ಆಮೇಲೆ. ಮಕ್ಕಳಾದ್ರೆ ಕೆಜಿಗೆ 0.01 ಎಂಎಲ್, ಇಪ್ಪತ್ತು ಕೆಜಿ ಮಗುವಿಗೆ 0.2, ಎಷ್ಟೇ ತೂಕ ಇದ್ರೂ ಒಂದು ಡೋಸ್ 0.5 ದಾಟಬಾರ್ದು.

ಒಂದು ಕಡೆ ಇದು ಕೈ ಕೊಡಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್ ಥರ ಬಿಪಿ ಮಾತ್ರೆ ತಿನ್ನೋರಿಗೆ ಅಡ್ರಿನಲಿನ್ ಸರಿಯಾಗಿ ಹಿಡಿಯದೇ ಹೋಗಬಹುದು, ಅವ್ರಿಗೆ ಗ್ಲುಕಗಾನ್ ಬೇಕಾಗುತ್ತೆ, ಅದು ನಮ್ಮ ಹತ್ರ ಇಲ್ಲ. ಹಾಗಂತ ಅಡ್ರಿನಲಿನ್ ಬಿಡೋದಲ್ಲ, ಕೊಟ್ಟು ಬೇಗ ಹೊರಡೋದು. ಕೂಲಿಯವರ ಲೈನ್ ಮನೆಗಳಲ್ಲಿ ಯಾರು ಆ ಮಾತ್ರೆ ತಿಂತಾರೆ ಅನ್ನೋ ಪಟ್ಟಿ ಈಗ ಬ್ಯಾಗಿನಲ್ಲೇ ಇದೆ.

ಹೊರಡೋವಾಗ ಮತ್ತೆ ಜಗಳ. ಮಡಿಕೇರಿಗೆ ಮೂವತ್ತು ಕಿಲೋಮೀಟರ್ ಮೇಲೆ, ಬರೀ ತಿರುವು. ಡ್ರೈವರ್ "ಮುಂದೆ ಸೀಟಿನಲ್ಲಿ ಕೂರಿಸಿ ಸಿಸ್ಟರ್, ಹಿಂದೆ ಕುಲುಕುತ್ತೆ" ಅಂದ. ಪಿಕಪ್‌ನ ಹಿಂದೆ ಹಾಸಿಗೆ ಹಾಕಿ ಮಲಗಿಸಿದೆ, ಪಕ್ಕದಲ್ಲಿ ಬಾಟ್ಲಿ ಹಿಡ್ಕೊಂಡು ನಾನು, ಜೇಬಿನಲ್ಲಿ ಇನ್ನೆರಡು ಆಂಪೂಲ್. ಬೇಕಾಗ್ಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಆಕೆ ಮುಖ ಚೆನ್ನಾಗಿದ್ದಿದ್ದು ನೋಡಿ ಒಬ್ರು "ಇಳೀರಿ, ನಡ್ಕೊಂಡೇ ಬರ್ಲಿ" ಅಂದ್ರು. ಸ್ಟ್ರೆಚರ್ ಬರೋವರೆಗೂ ನಾನು ಇಳಿಸ್ಲಿಲ್ಲ, ಅವ್ರು ಬೈಕೊಂಡ್ರು, ಬೈಲಿ. ಡ್ಯೂಟಿ ಡಾಕ್ಟರ್ ಆಕೆ ಕೈ ಮೇಲಿದ್ದ ಎರಡು ಟೈಮ್ ಓದಿ "ಇದನ್ನ ಯಾರು ಬರೆದಿದ್ದು?" ಅಂತಷ್ಟೇ ಕೇಳಿದ್ರು.

ರಾತ್ರಿ ಅಲ್ಲೇ ಇಟ್ಕೊಂಡ್ರು, ಇಟ್ಕೊಂಡಿದ್ದು ಒಳ್ಳೇದಾಯ್ತು. ಸಂಜೆ ಐದರ ಹೊತ್ತಿಗೆ ಮತ್ತೆ ಮೈ ತುಂಬ ದದ್ದು, ಮತ್ತೆ ವಾಂತಿ, ಇನ್ನೊಂದು ಡೋಸ್ ಬೇಕಾಯ್ತಂತೆ. ಮಧ್ಯಾಹ್ನ ಆಕೆ ಗಂಡ "ಚೆನ್ನಾಗಿದಾಳಲ್ಲ ಸಿಸ್ಟರ್, ಕರ್ಕೊಂಡು ಹೋಗ್ತೀನಿ, ನಾಳೆ ಕೂಲಿ ಇದೆ" ಅಂದಿದ್ದ. ನಾನು ರೈಟರ್‌ಗೆ ಹೇಳಿ ಎರಡು ದಿನದ ಕೂಲಿ ಬರೆಸಿದೆ, ಆಮೇಲೆ ಸುಮ್ಮನಾದ.