ಮನೆಯಲ್ಲಿ ಯಾರೂ ‘ಅಪ್‌ಡೇಟ್’ ಒತ್ತಬಾರದು

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಅದರ ಮುಂದೆ ಕೂರುವವರು ಮೂವರು. ಪಿಂಚಣಿ ಮತ್ತು ತೆರಿಗೆಯ ಕೆಲಸಕ್ಕೆ ಅಪ್ಪ, ಕಿರಾಣಿ ಅಂಗಡಿಯ ಲೆಕ್ಕಕ್ಕೆ ಕಾಕಾ, ದಾಸರ ಪದ ಕೇಳಲು ಮತ್ತು ಪಂಚಾಂಗ ನೋಡಲು ಕಾಕು. ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಆದರೂ ಮನೆಯ ಯಂತ್ರವನ್ನು ಬಹಳ ದಿನ ನೋಡಿರಲಿಲ್ಲ. ವೈದ್ಯರ ಮನೆಯವರಿಗೇ ಔಷಧ ಸಿಗುವುದಿಲ್ಲ ಎನ್ನುವಂತೆ.

ಒಂದು ಸಂಜೆ ಅಪ್ಪ ತೆರಿಗೆಯ ಅರ್ಜಿ ತುಂಬುತ್ತಿದ್ದಾಗ ವಿಂಡೋಸ್ ತಾನಾಗಿ ಮರುಪ್ರಾರಂಭವಾಯಿತು. ಪರದೆಯ ಮೇಲೆ ಶೇಕಡಾವಾರು ಅಂಕಿ ಮೂವತ್ತಕ್ಕೆ ನಿಂತಿತು. ಅರ್ಧ ತಾಸು ಕಾದ ಕಾಕಾ ಸ್ವಿಚ್ ಬೋರ್ಡ್‌ನಲ್ಲೇ ಆರಿಸಿಬಿಟ್ಟರು. ಯಂತ್ರ ಹಾಳಾಗಲಿಲ್ಲ. ಇಂಥ ಸಂದರ್ಭದಲ್ಲಿ ವಿಂಡೋಸ್ ಸಾಮಾನ್ಯವಾಗಿ ಹಳೆಯ ಸ್ಥಿತಿಗೆ ಹಿಂದಿರುಗುತ್ತದೆ. ಆದರೆ ತುಂಬಿದ ಅರ್ಜಿ ಹೋಯಿತು. ಮರುದಿನ ಬಂದ ರಿಪೇರಿಯವನು ‘ಇನ್ನು ಈ ಕಾಟ ಇರುವುದಿಲ್ಲ’ ಎಂದು ಎಲ್ಲ ಅಪ್‌ಡೇಟ್‌ಗಳನ್ನೂ ನಿಲ್ಲಿಸಿ ಹೋದ. ವಿಂಡೋಸ್‌ನದು ಮಾತ್ರವಲ್ಲ, ಬ್ರೌಸರ್‌ನದನ್ನೂ.

ಎಂಟು ತಿಂಗಳ ನಂತರ ಅದು ನನ್ನ ಕಣ್ಣಿಗೆ ಬಿದ್ದದ್ದು ಕಾಕುವಿನಿಂದ. ಪಂಚಾಂಗದ ಒಂದು ಪುಟ ‘ನಿಮ್ಮ ಬ್ರೌಸರ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ’ ಎಂದು ತೋರಿಸಿತ್ತು. ಅವರು ಒತ್ತಿದ್ದರು. ಡೌನ್‌ಲೋಡ್ ಫೋಲ್ಡರ್‌ನಲ್ಲಿ ಒಂದು ಜಿಪ್ ಕಡತ ಕುಳಿತಿತ್ತು, ಅದರೊಳಗೆ `.js` ಎಂದು ಕೊನೆಗೊಳ್ಳುವ, ತೆರೆದರೆ ತಾನೇ ಓಡುವ ಒಂದು ಕಡತ. ನಿಜವಾದ ಬ್ರೌಸರ್ ಅಪ್‌ಡೇಟ್ ಹಾಗೆ ಜಿಪ್‌ನಲ್ಲಿ ಬರುವುದಿಲ್ಲ. ಕಡತ ಎಲ್ಲಿಗೆ ಹೋಯಿತೆಂದು ತಿಳಿಯದೆ ಕಾಕು ಅದನ್ನು ತೆರೆದಿರಲಿಲ್ಲ, ನಾವು ಬದುಕಿದೆವು. ವಿಚಿತ್ರವೆಂದರೆ ಆ ಸುಳ್ಳು ಪುಟ ಹೇಳಿದ್ದು ನಿಜವೇ ಆಗಿತ್ತು: ಬ್ರೌಸರ್ ಎಂಟು ತಿಂಗಳಷ್ಟು ಹಳೆಯದಾಗಿತ್ತು.

ಅಪ್‌ಡೇಟ್ ಬೇಕೋ ಬೇಡವೋ ಎಂದು ಅಲ್ಲಿಯವರೆಗೆ ಕೇಳಿಕೊಳ್ಳುತ್ತಿದ್ದ ನಾನು ಅಂದಿನಿಂದ ಬೇರೆ ಪ್ರಶ್ನೆ ಕೇಳತೊಡಗಿದೆ: ಈ ತಂತ್ರಾಂಶ ಅಪ್‌ಡೇಟ್ ಆಗುವಾಗ ಮನುಷ್ಯನನ್ನು ಏನಾದರೂ ಕೇಳುತ್ತದೆಯೇ? ಕೇಳದೆ ತಾನಾಗಿ ಆಗುವುದಾದರೆ ಇರಲಿ. ಕೇಳುವುದಾದರೆ ಆ ಕೇಳುವಿಕೆಯನ್ನು ನಿಲ್ಲಿಸಿ ನಾನೇ ಮಾಡಬೇಕು. ಏಕೆಂದರೆ ನಿಜವಾದ ಕಿಟಕಿಗೆ ‘ಸರಿ’ ಒತ್ತಿ ಅಭ್ಯಾಸವಾದ ಬೆರಳು ಸುಳ್ಳು ಕಿಟಕಿಗೂ ಒತ್ತುತ್ತದೆ.

ಕಾಕಾ ಒಪ್ಪಲಿಲ್ಲ. ‘ಅಪ್‌ಡೇಟ್‌ನಲ್ಲೇ ವಿಷ ಬಂದರೆ ಏನು ಮಾಡುತ್ತೀ?’ ಎಂದರು. ಹಾಗೆ ಆಗಿದ್ದೂ ಉಂಟು. 2017ರಲ್ಲಿ ಕಂಪ್ಯೂಟರ್‌ನ ಬೇಡದ ಕಡತಗಳನ್ನು ಗುಡಿಸುವ ಸಿಕ್ಲೀನರ್ ತಂತ್ರಾಂಶದ 5.33 ಆವೃತ್ತಿ ಕೇಡಿನ ಕೋಡ್ ಅನ್ನು ಒಳಗಿಟ್ಟುಕೊಂಡೇ ಜನರನ್ನು ತಲುಪಿತ್ತು. ಆದರೆ ಅದೇ ವರ್ಷದ ಮೇ 12ರಂದು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಹರಡಿದಾಗ, ಅದು ನುಗ್ಗುವ ದೋಷವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಾಗಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಎರಡನ್ನೂ ಕಾಕಾಗೆ ಹೇಳಿದೆ. ‘ಹಾಗಾದರೆ ಸಿಕ್ಲೀನರ್‌ನಂಥದ್ದು ಇಲ್ಲಿ ಏಕಿರಬೇಕು?’ ಎಂದು ಅವರು ಕೇಳಿದ್ದು ನನ್ನ ಉತ್ತರಕ್ಕಿಂತ ಚೆನ್ನಾಗಿತ್ತು.

ಅಲ್ಲಿಂದಲೇ ಆರಂಭಿಸಿದೆ. ಬೇರೆಯಾಗಿ ಹಾಕಿದ್ದ ಪಿಡಿಎಫ್ ಓದುಗವನ್ನು ತೆಗೆದೆ. ಅಪ್ಪನಿಗೆ ಬರುವ ಬ್ಯಾಂಕ್ ವಿವರಗಳನ್ನು ಬ್ರೌಸರ್ ತಾನೇ ತೆರೆಯುತ್ತದೆ. ಜಿಪ್‌ನಂಥ ಕಡತ ಬಿಚ್ಚುವ ವಿನ್‌ರಾರ್ ತನ್ನಷ್ಟಕ್ಕೆ ಅಪ್‌ಡೇಟ್ ಆಗುವ ತಂತ್ರಾಂಶವಲ್ಲ. ಅದರ 2023ರ ಗಂಭೀರ ದೋಷ 6.23ರಲ್ಲಿ ಸರಿಯಾಗಿತ್ತು, ನಮ್ಮಲ್ಲಿದ್ದದ್ದು ಅದಕ್ಕಿಂತ ಹಳೆಯದು. ಕೇಳಿದರೆ ಯಾರೂ ಬಳಸುತ್ತಿರಲಿಲ್ಲ. ಅದೂ ಹೋಯಿತು. ಇಲ್ಲದ ತಂತ್ರಾಂಶದ ಬಗ್ಗೆ ತೀರ್ಮಾನ ಮಾಡಬೇಕಾಗಿಲ್ಲ.

ಬ್ರೌಸರ್‌ನ ವಿಷಯದಲ್ಲಿ ಚರ್ಚೆಯೇ ಇರಲಿಲ್ಲ. ಹೊರಗಿನದ್ದೆಲ್ಲ ಒಳಬರುವ ಬಾಗಿಲು ಅದು. ರಿಪೇರಿಯವನು ಹಾಕಿದ್ದ ತಡೆ ತೆಗೆದು ಸ್ವಯಂಚಾಲಿತವಾಗಿಯೇ ಬಿಟ್ಟೆ. ಕ್ರೋಮ್ ಹೊಸದನ್ನು ಹಿನ್ನೆಲೆಯಲ್ಲಿ ಇಳಿಸಿಕೊಂಡು, ಮುಚ್ಚಿ ಮತ್ತೆ ತೆರೆದಾಗ ಬದಲಾಗುತ್ತದೆ. ಅಪ್ಪ ರಾತ್ರಿ ತಪ್ಪದೆ ಯಂತ್ರ ಆರಿಸುವುದರಿಂದ ಬೆಳಿಗ್ಗೆ ಅದು ಹೊಸದೇ. ತಡೆ ಎಲ್ಲಾದರೂ ಉಳಿದಿದೆಯೇ ಎಂದು ತಿಳಿಯಲು `chrome://settings/help` ತೆರೆದರೆ ಸಾಕು. ನಿರ್ವಾಹಕರು ಅಪ್‌ಡೇಟ್ ನಿಲ್ಲಿಸಿದ್ದಾರೆ ಎಂಬ ಸಾಲು ಅಲ್ಲಿ ಕಂಡರೆ ತಡೆ ಇನ್ನೂ ಇದೆ ಎಂದರ್ಥ.

ಆದರೆ ಅದೇ ಆರಿಸುವ ಅಭ್ಯಾಸ ವಿಂಡೋಸ್‌ಗೆ ತೊಡಕು. ವಿಂಡೋಸ್‌ನಲ್ಲಿ ‘ಬಳಕೆಯ ಸಮಯ’ ಎಂದು ಹೆಚ್ಚೆಂದರೆ 18 ತಾಸು ಗುರುತಿಸಬಹುದು, ಆ ಹೊತ್ತಿನಲ್ಲಿ ಅದು ತಾನಾಗಿ ಮರುಪ್ರಾರಂಭವಾಗುವುದಿಲ್ಲ. ಅಪ್ಪ ಏಳುವುದು ಐದಕ್ಕೆ, ಕಾಕು ಪದ ಕೇಳಿ ಮಲಗುವುದು ಹತ್ತೂವರೆಗೆ. ಬೆಳಿಗ್ಗೆ 5ರಿಂದ ರಾತ್ರಿ 11 ಎಂದು ಹಾಕಿದೆ, ಸರಿಯಾಗಿ ಹದಿನೆಂಟು. ಉಳಿದ ಆರು ತಾಸು ಯಂತ್ರಕ್ಕೆ ವಿದ್ಯುತ್ತೇ ಇರುವುದಿಲ್ಲ, ಕೆಲಸ ಯಾವಾಗ ಆಗಬೇಕು? ಹಾಗಾಗಿ ಅಪ್ಪನಿಗೆ ಒಂದೇ ವಿನಾಯಿತಿ ಕಲಿಸಿದೆ. ಯಂತ್ರ ಆರಿಸುವ ಪಟ್ಟಿಯಲ್ಲಿ `Update and shut down` ಕಂಡರೆ ಅದನ್ನೇ ಒತ್ತಿ ಊಟಕ್ಕೆ ಹೋಗುವುದು, ಡಬ್ಬದ ದೀಪ ಆರಿದ ಮೇಲಷ್ಟೇ ಬೋರ್ಡ್ ಆರಿಸುವುದು. ಶೇಕಡಾವಾರು ಅಂಕಿ ಎಲ್ಲೇ ನಿಂತಿದ್ದರೂ ಮುಟ್ಟಕೂಡದು.

ಇನ್ನು ಕೇಳುವ ತಂತ್ರಾಂಶಗಳು. ಹಾಡು, ವಿಡಿಯೊ ನುಡಿಸುವ ವಿಎಲ್‌ಸಿ ‘ಹೊಸದು ಬಂದಿದೆ’ ಎಂದು ಕಿಟಕಿ ತೋರಿಸುತ್ತದೆ. ಆ ಸೂಚನೆಯನ್ನು ಅದರ ಆಯ್ಕೆಗಳಲ್ಲಿ ನಿಲ್ಲಿಸಿದೆ. ಲಿಬ್ರೆಆಫೀಸ್‌ನದ್ದನ್ನೂ ನಿಲ್ಲಿಸಿದೆ, ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಕಾಕಾ ಪತ್ರ ಬರೆಯುವ ಹಂತಗಳನ್ನೆಲ್ಲ ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ, ‘ಎಡಗಡೆ ಮೂರನೆಯ ಗುಂಡಿ’ ಎಂಬ ಧಾಟಿಯಲ್ಲಿ. ಗುಂಡಿ ಜರುಗಿದರೆ ವಹಿ ಸುಳ್ಳಾಗುತ್ತದೆ. ಇಂಥ ತಂತ್ರಾಂಶಗಳನ್ನು ನಾನು ತಿಂಗಳಿಗೊಮ್ಮೆ ವಿಂಡೋಸ್‌ನ winget ಎಂಬ ಆದೇಶದಿಂದ ಹೀಗೆ ನೋಡುತ್ತೇನೆ:

```
winget pin add --id TheDocumentFoundation.LibreOffice
winget upgrade
winget upgrade --all
```

ಮೊದಲ ಸಾಲನ್ನು ಒಮ್ಮೆ ಕೊಟ್ಟರೆ ಸಾಕು, ಎಲ್ಲವನ್ನೂ ಏರಿಸುವಾಗ ಲಿಬ್ರೆಆಫೀಸ್ ಹೊರಗುಳಿಯುತ್ತದೆ. ಕಾಕಾ ಜೊತೆಗೆ ಕುಳಿತಿದ್ದಾಗ ಹೆಸರು ಹೇಳಿ ಅದೊಂದನ್ನೇ ಏರಿಸುತ್ತೇನೆ, ಅವರು ವಹಿ ತಿದ್ದಿಕೊಳ್ಳುತ್ತಾರೆ. ಎರಡನೆಯದು ಉಳಿದವುಗಳಲ್ಲಿ ಬಾಕಿ ಇರುವುದನ್ನು ತೋರಿಸುತ್ತದೆ, ಮೂರನೆಯದು ಹಾಕುತ್ತದೆ.

ಇದಕ್ಕೆ ಇಟ್ಟುಕೊಂಡ ದಿನ ತಿಂಗಳ ನಾಲ್ಕನೇ ಶನಿವಾರ. ರಜೆ ಎಂಬುದು ಒಂದು ಕಾರಣ. ಇನ್ನೊಂದು, ಮೈಕ್ರೋಸಾಫ್ಟ್‌ನ ಮಾಸಿಕ ತೇಪೆಗಳು ಎರಡನೇ ಮಂಗಳವಾರ ಬರುತ್ತವೆ. ಎರಡನೇ ಶನಿವಾರ ಹೋದರೆ ಕೆಲವು ತಿಂಗಳು ಅವು ಇನ್ನೂ ಬಂದೇ ಇರುವುದಿಲ್ಲ. ನಾಲ್ಕನೆಯದಕ್ಕೆ ಹನ್ನೊಂದು ಅಥವಾ ಹದಿನೆಂಟು ದಿನ ಕಳೆದಿರುತ್ತದೆ, ಅಪ್‌ಡೇಟ್ ಇತಿಹಾಸದಲ್ಲಿ ಯಾವುದಾದರೂ ಮತ್ತೆ ಮತ್ತೆ ವಿಫಲವಾಗಿದ್ದರೆ ಕಂಡುಬರುತ್ತದೆ.

ಕೊನೆಗೆ ಮೂವರ ಖಾತೆಗಳನ್ನೂ ಸಾಮಾನ್ಯ ಬಳಕೆದಾರರ ಖಾತೆಗಳಾಗಿಸಿ, ನಿರ್ವಾಹಕ ಗುಪ್ತಪದವನ್ನು ನಾನು ಇಟ್ಟುಕೊಂಡೆ. ಕ್ರೋಮ್‌ನಂತೆ ಹಿನ್ನೆಲೆಯ ಸೇವೆಯಿಂದ ಆಗುವ ಅಪ್‌ಡೇಟ್‌ಗಳಿಗೆ ಇದರಿಂದ ಅಡ್ಡಿಯಿಲ್ಲ. ಕೇಳುವಂಥವು ಗುಪ್ತಪದ ಬೇಡುತ್ತವೆ, ಅಲ್ಲಿಗೇ ನಿಲ್ಲುತ್ತವೆ. ಆದರೆ ಇದು ಪೂರ್ತಿ ಕಾವಲಲ್ಲ. ಕಾಕು ಇಳಿಸಿದಂಥ ಕಡತ ನಿರ್ವಾಹಕ ಹಕ್ಕಿಲ್ಲದೆಯೂ ಅವರ ಖಾತೆಯೊಳಗೆ ಓಡಬಲ್ಲದು. ಅದಕ್ಕಾಗಿಯೇ ‘ಅಪ್‌ಡೇಟ್ ಎಂದು ಯಾವ ಪುಟ ಕೇಳಿದರೂ ಒತ್ತಬೇಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಕಳಿಸಿ’ ಎಂಬ ಚೀಟಿಯನ್ನು ಪರದೆಯ ಕೆಳಗೆ ಅಂಟಿಸಿದ್ದೇನೆ. ಕಾಕು ಈವರೆಗೆ ಕಳಿಸಿದ ಫೋಟೋಗಳಲ್ಲಿ ಒಂದು ಬರೀ ಜಾಹೀರಾತಿನದು. ಅದಕ್ಕೂ ಚೆನ್ನಾಗಿ ನೋಡಿದಿರಿ ಎಂದೇ ಉತ್ತರಿಸಿದೆ.

ಉಳಿದದ್ದು ಕಾಕಾ ಅವರ ಲೆಕ್ಕದ ತಂತ್ರಾಂಶ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ದಾಖಲೆ ಹಳೆಯದರಲ್ಲಿ ಮತ್ತೆ ತೆರೆಯದೆ ಹೋಗಬಹುದು, ಹಿಂದಿರುಗುವ ದಾರಿ ಇರುವುದಿಲ್ಲ. ಮಾರ್ಚ್ 31ರ ಲೆಕ್ಕ ಮುಗಿಯಲಿ, ಪೆನ್‌ಡ್ರೈವ್‌ಗೆ ಎರಡು ಪ್ರತಿ ತೆಗೆದಿಟ್ಟು ಆಮೇಲೆ ನೋಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.