ಪ್ರೀ-ಅಪ್ರೂವ್ಡ್ ಸಾಲ ಬೇಡ ಎಂದು, ಹಳೇ ಮನೆ ಸಾಲ ತೀರಿಸಿದ್ದು

ನಾನು ನಿವೃತ್ತ ಗಣಿತ ಶಿಕ್ಷಕ. ಗ್ರಾಚ್ಯುಟಿ ಖಾತೆಗೆ ಬಿದ್ದ ಮೇಲೆ ಫೋನು ಶುರುವಾಯಿತು: “ಸರ್, ನಿಮಗೆ 5 ಲಕ್ಷ ಪ್ರೀ-ಅಪ್ರೂವ್ಡ್ ಆಗಿದೆ, ಆ್ಯಪ್‌ನಲ್ಲಿ ಒಂದು ಬಟನ್ ಒತ್ತಿದ್ರೆ ಸಾಕು.” ಅಂಥವರಿಗೆ ನಾನು ಹೇಳುವುದು ಒಂದೇ ಮಾತು: “ಕೆಎಫ್‌ಎಸ್ ಕಳಿಸಿ, ಎಪಿಆರ್ ನೋಡಬೇಕು.” ಕೆಎಫ್‌ಎಸ್ ಎಂದರೆ ಸಾಲದ ಪೂರ್ತಿ ಖರ್ಚು ತೋರಿಸುವ ಹಾಳೆ; ಎಪಿಆರ್ ಎಂದರೆ ಶುಲ್ಕವನ್ನೂ ಸೇರಿಸಿ ಲೆಕ್ಕ ಹಾಕಿದ ವಾರ್ಷಿಕ ದರ.

ಲೆಕ್ಕ ಹಾಕಿ ನೋಡಿ. 5 ಲಕ್ಷಕ್ಕೆ ಶೇ. 14ರ ಬಡ್ಡಿ, 5 ವರ್ಷ ಎಂದರೆ ಕಂತು ಸುಮಾರು 11,634 ರೂಪಾಯಿ. ಶೇ. 2 ಪ್ರೊಸೆಸಿಂಗ್ ಶುಲ್ಕವನ್ನೂ ಅದರ ಜಿಎಸ್‌ಟಿಯನ್ನೂ ಮೊದಲೇ ಮುರಿದುಕೊಂಡರೆ ಕೈಗೆ ಬರುವುದು 4,88,200. ಕಟ್ಟುವುದು ಹತ್ತಿರ ಹತ್ತಿರ 7 ಲಕ್ಷ. ಎಪಿಆರ್ ಶೇ. 15 ದಾಟುತ್ತದೆ.

ಕರೆ ನಿಲ್ಲಿಸಲು 1909ಕ್ಕೆ START 1 ಎಂದು ಮೆಸೇಜ್ ಕಳಿಸಿ; ಬ್ಯಾಂಕು, ವಿಮೆ, ಕ್ರೆಡಿಟ್ ಕಾರ್ಡಿನ ಜಾಹೀರಾತಿಗೆ ಅದು ತಡೆ. ಆದರೆ ನಮ್ಮದೇ ಬ್ಯಾಂಕಿನಿಂದ ಕರೆ ಬರುತ್ತಲೇ ಇರಬಹುದು. ಖಾತೆ ತೆರೆಯುವಾಗಿನ ಫಾರ್ಮಿನಲ್ಲಿ ಒಪ್ಪಿಗೆ ಕೊಟ್ಟಿರುತ್ತೇವೆ, ಆ ಒಪ್ಪಿಗೆಯ ಮುಂದೆ ಈ ತಡೆ ನಡೆಯುವುದಿಲ್ಲ. ಹಾಗಾಗಿ ಶಾಖೆಗೆ “ಮಾರಾಟದ ಕರೆಗೆ ನನ್ನ ಒಪ್ಪಿಗೆ ಹಿಂಪಡೆದಿದ್ದೇನೆ” ಎಂದು ಬರೆದುಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಬೇಕು.

ಇನ್ನು ಹಳೇ ಸಾಲ. ಮನೆ ಸಾಲದಲ್ಲಿ 2,40,000 ಅಸಲು ಉಳಿದಿತ್ತು, ಬಡ್ಡಿ ಶೇ. 9. ಫ್ಲೋಟಿಂಗ್ ಬಡ್ಡಿಯ, ಅಂದರೆ ಆಗಾಗ ದರ ಬದಲಾಗುವ ಮನೆ ಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಪಾಸ್‌ಬುಕ್ಕಿನ ಬಾಕಿ ನೋಡಿ ದುಡ್ಡು ಕಟ್ಟಬೇಡಿ. ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕೆಂದು ಹೇಳುವ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಕೇಳಿ, ಅದರಲ್ಲಿ ಎಂದಿನವರೆಗಿನ ಲೆಕ್ಕ ಎಂದು ತಾರೀಖು ಇರುತ್ತದೆ. ಇಷ್ಟು ಬಾಕಿಗೆ ದಿನಕ್ಕೆ ಸುಮಾರು 59 ರೂಪಾಯಿ ಬಡ್ಡಿ ಬೆಳೆಯುತ್ತದೆ. ನಾಲ್ಕು ದಿನ ತಡವಾಗಿ ಕಟ್ಟಿದರೆ ಇನ್ನೂರ ಮೂವತ್ತು ಚಿಲ್ಲರೆ ಉಳಿದುಬಿಡುತ್ತದೆ, ಅಷ್ಟಕ್ಕೇ ಖಾತೆ ಮುಚ್ಚುವುದಿಲ್ಲ, ತಿಂಗಳು ಕಳೆದರೆ ಸುಸ್ತಿ ಎಂದು ದಾಖಲಾಗಬಹುದು. ಕಂತಿನ ತಾರೀಖು ಹತ್ತಿರವಿದ್ದರೆ ಅದು ಮುರಿದ ಮೇಲೆಯೇ ಸ್ಟೇಟ್‌ಮೆಂಟ್ ತೆಗೆಸುವುದು ಒಳ್ಳೆಯದು. ಕಟ್ಟಿದ ದಿನವೇ ಆಟೋ ಡೆಬಿಟ್ ರದ್ದತಿಗೂ ಅರ್ಜಿ ಕೊಡಿ.

“ಮೇಷ್ಟ್ರೇ, ಕ್ರಯಪತ್ರ ಹೆಡ್ ಆಫೀಸಿಂದ ಬರಬೇಕು, ಸ್ವಲ್ಪ ಕಾಯಿರಿ” ಎಂದರು ಮ್ಯಾನೇಜರು. ಕಾಯುವುದಕ್ಕೂ ಮಿತಿಯಿದೆ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಡಲೇಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸಾಲ ಪಡೆದಾಗ ಕೊಟ್ಟಿದ್ದ ಪಟ್ಟಿ ಹಿಡಿದು, ಕ್ರಯಪತ್ರದ ಪ್ರತಿ ಪುಟ ಎಣಿಸಿಯೇ ಸಹಿ ಹಾಕಿ. ಅಡಮಾನ ಉಪನೋಂದಣಿ ಕಚೇರಿಯಲ್ಲಿ ದಾಖಲಾಗಿದ್ದರೆ ಅದರ ಬಿಡುಗಡೆಯೂ ಅಲ್ಲೇ ಆಗಬೇಕು. ಬಾಕಿ ಇಲ್ಲವೆಂಬ ನೋ ಡ್ಯೂ ಪತ್ರ ಕೈಯಲ್ಲಿದ್ದರೂ, ಆಸ್ತಿಯ ಮೇಲಿನ ಋಣಭಾರ ತೋರಿಸುವ ಇಸಿಯಲ್ಲಿ ಸಾಲ ಹಾಗೇ ಕಾಣುತ್ತಿರಬಹುದು. ಬಿಡುಗಡೆಯಾದ ಮೇಲೆ ಹೊಸ ಇಸಿ ತೆಗೆಸಿ. ಕ್ರೆಡಿಟ್ ವರದಿಯಲ್ಲಿ ‘ಸೆಟಲ್ಡ್’ ಅಲ್ಲ, ‘ಕ್ಲೋಸ್ಡ್’ ಎಂದಿದೆಯೇ ನೋಡಿ; ಸೆಟಲ್ಡ್ ಎಂದರೆ ರಾಜಿಯಲ್ಲಿ ಕಡಿಮೆ ಕಟ್ಟಿದಂತೆ. ವರ್ಷಕ್ಕೊಮ್ಮೆ ಈ ವರದಿ ಉಚಿತ.