ಗೆಳೆಯನ ಮಗಳು ಮೊದಲ ಸಲ ಶಾಲೆಗೆ: 50 ರೂಪಾಯಿ ಮೆಸೇಜ್ ಬರೆದ ನನ್ನ ಅನುಭವ

"ವಾಟ್ಸಾಪ್‌ನಲ್ಲಿ ಪುಕ್ಕಟೆ ಸಿಗೋದಕ್ಕೆ ಯಾರು ದುಡ್ಡು ಕೊಡ್ತಾರೆ?" ದಾವಣಗೆರೆಯ ನಮ್ಮ ಡಿಟಿಪಿ ಅಂಗಡಿಗಳ ಸಾಲಿನಲ್ಲಿ ಎಲ್ಲರೂ ನನಗೆ ಹೇಳಿದ್ದು ಇದನ್ನೇ. ಈಗ ಅದೇ ಸಾಲಿನವರು ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಮೇ ಕೊನೆಯ ವಾರ ಶಾಲೆ ಶುರುವಾಗುವ ಮುಂಚೆ ಮೊದಲ ಸಲ ಶಾಲೆಗೆ ಹೋಗುವ ಮಕ್ಕಳಿಗೆ ಬರೀ ಶುಭಾಶಯದ ಮೆಸೇಜ್ ಬರೆದೇ ನಾಲ್ಕೈದು ಸಾವಿರ ರೂಪಾಯಿ ಬರುತ್ತದೆ. ಹೇಗೆ ಅಂತ ಕೇಳುವವರು ಜಾಸ್ತಿಯಾದರು, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಗೆಳೆಯನ ಅಥವಾ ಗೆಳತಿಯ ಮಗು ಮೊದಲ ಸಲ ಎಲ್‌ಕೆಜಿಗೋ ನರ್ಸರಿಗೋ ಹೊರಟಿರುತ್ತದೆ. ಖುಷಿಯಾಗಿ ನಾಲ್ಕು ಮಾತು ಕಳಿಸಬೇಕು ಅಂತ ಗಿರಾಕಿಗೆ ಆಸೆ. ಆದರೆ ಬರೆಯಲು ಕೂತರೆ "ಹಾರ್ದಿಕ ಶುಭಾಶಯಗಳು" ಬಿಟ್ಟು ಬೇರೇನೂ ಹೊಳೆಯುವುದಿಲ್ಲ.

ಮೊದಲ ವರ್ಷ ನಾನು ಇದನ್ನು ಚಿತ್ರ ಮಾಡಿ ಕೊಟ್ಟೆ. ಕೋರೆಲ್‌ನಲ್ಲಿ ಬ್ಯಾಗು, ಪೆನ್ಸಿಲ್ಲು, ಬಲೂನು, ನಡುವೆ ಮಗುವಿನ ಫೋಟೋ. 100 ರೂಪಾಯಿ ಹೇಳಿದೆ. ನೋಡಲು ಚೆಂದವೇ ಇತ್ತು. ಆದರೂ ಎರಡನೇ ಸಲ ಯಾರೂ ಕೇಳಿಕೊಂಡು ಬರಲಿಲ್ಲ. ಕಳಿಸಿದವರನ್ನೇ ಹಿಡಿದು ವಿಚಾರಿಸಿದಾಗ ಕಾರಣ ಗೊತ್ತಾಯಿತು. ಕೆಲವರ ಫೋನಿನಲ್ಲಿ ಚಿತ್ರ ತಾನಾಗಿ ಇಳಿಯುವುದಿಲ್ಲ, ಒತ್ತಿದರೆ ಮಾತ್ರ ಕಾಣುತ್ತದೆ. ಇಳಿದರೂ ಬಲೂನುಗಳ ನಡುವೆ ಅಕ್ಷರ ಸಣ್ಣದು. ಮಗುವಿಗೆ ಓದಿ ಹೇಳಬೇಕಾದ ಅಜ್ಜಿ ಕನ್ನಡಕ ಹುಡುಕಬೇಕು. ಒಂದು ಥಂಬ್ಸ್‌ಅಪ್ ಬಂದರೆ ಅಲ್ಲಿಗೆ ಮುಗಿಯಿತು.

ಆಮೇಲೆ ಬರೀ ಅಕ್ಷರಕ್ಕೆ ಬಂದೆ. ಇಲ್ಲಿ ನಮ್ಮವರಿಗೆ ಒಂದು ಮಾತು. ನುಡಿಯ ಹಳೆ ಫಾಂಟಿನಲ್ಲಿ ಹೊಡೆದದ್ದನ್ನು ಹಾಗೇ ವಾಟ್ಸಾಪಿಗೆ ಅಂಟಿಸಿದರೆ ಆಚೆ ಕಡೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿ, ಇನ್ನೊಂದು ಫೋನಿಗೆ ಕಳಿಸಿ, ಒಮ್ಮೆ ಜೋರಾಗಿ ಓದಿ ನೋಡಿಯೇ ಗಿರಾಕಿಗೆ ಕೊಡಬೇಕು. ಉದ್ದವೂ ಮುಖ್ಯ. ಜಾಸ್ತಿಯಾದರೆ ಮೆಸೇಜ್ ಅರ್ಧಕ್ಕೆ ನಿಂತು ಕೆಳಗೆ Read more ಅಂತ ಬರುತ್ತದೆ. ಹೇಳಬೇಕಾದ ಮಾತು ಅದರ ಕೆಳಗೆ ಹೋಗಿ ಕೂತಿರುತ್ತದೆ.

ಇಷ್ಟಾದರೂ ಮೆಸೇಜ್ ಮನಸ್ಸಿಗೆ ತಟ್ಟುತ್ತಿರಲಿಲ್ಲ. ಸರಿಹೋದದ್ದು ಎರಡು ಬದಲಾವಣೆಯಿಂದ. ಒಂದು, ಮೆಸೇಜ್ ಅಪ್ಪ-ಅಮ್ಮನ ಫೋನಿಗೆ ಹೋದರೂ ಮಾತಾಡುವುದು ಮಗುವಿನ ಜೊತೆ. ಇನ್ನೊಂದು, ಅದು ಹೋಗಬೇಕಾದದ್ದು ಬೆಳಿಗ್ಗೆ ಅಲ್ಲ, ಹಿಂದಿನ ರಾತ್ರಿ. ಬೆಳಿಗ್ಗೆ ಎಂಟು ಗಂಟೆಗೆ ಆ ಮನೆಯಲ್ಲಿ ಏನು ನಡೆದಿರುತ್ತದೆ ಯೋಚಿಸಿ. ಜಡೆ ಹೆಣೆಯುವುದು, ಸಾಕ್ಸ್ ಹುಡುಕುವುದು, ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದು. ನಿಮ್ಮ ಮೆಸೇಜ್ ಅವರು ನೋಡುವುದು ಹನ್ನೊಂದಕ್ಕೆ. ಅಷ್ಟು ಹೊತ್ತಿಗೆ ಮಗು ಕ್ಲಾಸಿನಲ್ಲಿರುತ್ತದೆ. ಹಿಂದಿನ ದಿನ ರಾತ್ರಿ ಏಳೂವರೆಯಿಂದ ಎಂಟೂವರೆ ಒಳ್ಳೆ ಹೊತ್ತು. ಬ್ಯಾಗ್ ತುಂಬುತ್ತಿರುತ್ತಾರೆ, ಮಗುವಿಗೆ ಇನ್ನೂ ನಿದ್ದೆ ಬಂದಿರುವುದಿಲ್ಲ. ಒಂದು ವಾರ ಮುಂಚೆ ಕಳಿಸಿದರೂ ಉಪಯೋಗವಿಲ್ಲ. ನಾಲ್ಕು ವರ್ಷದ ಮಗುವಿಗೆ "ಮುಂದಿನ ಸೋಮವಾರ" ಅಂದರೆ ಏನೂ ತಿಳಿಯುವುದಿಲ್ಲ.

ಒಂದು ಮೆಸೇಜ್ ಹೇಗೆ ಆಯಿತು ಅಂತ ಪೂರ್ತಿ ಹೇಳುತ್ತೇನೆ. ಮಂಡಿಪೇಟೆಯ ಒಬ್ಬ ವ್ಯಾಪಾರಿ ಬಂದರು. ಅವರ ಹಳೆಯ ದೋಸ್ತ ಚಿತ್ರದುರ್ಗದಲ್ಲಿದ್ದಾನೆ, ಮಗಳು ಎಲ್‌ಕೆಜಿಗೆ. ಅವರು ಚೀಟಿಯಲ್ಲಿ ಬರೆದು ತಂದದ್ದು ಹೀಗಿತ್ತು: "ನಿನ್ನ ಮಗಳ ವಿದ್ಯಾಭ್ಯಾಸದ ಪ್ರಥಮ ಹೆಜ್ಜೆಗೆ ಹಾರ್ದಿಕ ಶುಭಾಶಯಗಳು. ಅಳಬಾರದು, ಹೆದರಬಾರದು, ಟೀಚರ್ ಮಾತು ಕೇಳಬೇಕು, ಚೆನ್ನಾಗಿ ಓದಿ ಡಾಕ್ಟರ್ ಆಗಬೇಕು."

ನಾನು ಮೊದಲು ಹೊಡೆದುಹಾಕಿದ್ದು "ಅಳಬಾರದು, ಹೆದರಬಾರದು". ಇದನ್ನು ಹಿಂದೊಂದು ಸಲ ಹಾಗೇ ಬಿಟ್ಟು ಕಳಿಸಿದಾಗ ಆ ಮನೆಯ ಹುಡುಗ ಅಮ್ಮನನ್ನು ಕೇಳಿದನಂತೆ: "ಅಲ್ಲಿ ಯಾಕೆ ಅಳಬೇಕು?" ಅಲ್ಲಿಯತನಕ ಅವನಿಗೆ ಆ ಯೋಚನೆಯೇ ಇರಲಿಲ್ಲ. ಡಾಕ್ಟರ್ ಮಾತೂ ತೆಗೆದೆ. ನಾಳೆಯ ಡಬ್ಬಿಯಲ್ಲಿ ಏನಿದೆ ಅನ್ನುವುದೇ ದೊಡ್ಡ ವಿಷಯವಾಗಿರುವ ಮಗು ಅದು. ಟೀಚರ್ ಮಾತು ಕೇಳಬೇಕು ಅನ್ನುವುದನ್ನು ಮನೆಯಲ್ಲಿ ಎಲ್ಲರೂ ಹೇಳಿಯೇ ಹೇಳಿರುತ್ತಾರೆ. ದೂರದ ಮಾಮ ಅದನ್ನೇ ಯಾಕೆ ಹೇಳಬೇಕು?

ಆಮೇಲೆ ನಾನು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಅವರಿಗೂ ಕೇಳಿದೆ. ಮಗು ನಿಮ್ಮನ್ನು ಏನಂತ ಕರೆಯುತ್ತದೆ? ಬ್ಯಾಗು, ಡಬ್ಬಿ, ಬಾಟಲಿಯಲ್ಲಿ ಅದಕ್ಕೆ ಯಾವುದು ಹೆಚ್ಚು ಇಷ್ಟ, ಬಣ್ಣ ಏನು? ಯಾರು ಬಿಡುತ್ತಾರೆ, ಯಾರು ಕರೆದುಕೊಂಡು ಬರುತ್ತಾರೆ? ಈಚೆಗೆ ಅದು ತಾನಾಗಿ ಮಾಡಿದ ಒಂದು ಕೆಲಸ ಯಾವುದು? ಅವರಿಗೆ ಅರ್ಧ ಗೊತ್ತಿರಲಿಲ್ಲ. ಅಂಗಡಿಯಲ್ಲೇ ಕೂತು ದೋಸ್ತನ ಹೆಂಡತಿಗೆ ಫೋನ್ ಮಾಡಿದರು. ಡಬ್ಬಿ ಹಳದಿ. ಬಿಡುವವನು ಅಪ್ಪ, ಕರೆತರುವವಳು ಅಮ್ಮ. ಮೊನ್ನೆ ಕೋಟೆಗೆ ಹೋದಾಗ ಓಬವ್ವನ ಕಿಂಡಿಯಲ್ಲಿ ಮಗು ಯಾರ ಕೈಯನ್ನೂ ಹಿಡಿಯದೆ ತಾನೇ ಮುಂದೆ ನುಸುಳಿ ಹೋಗಿತ್ತಂತೆ. ಆ ಮಾತು ಕೇಳಿದ ಕೂಡಲೇ ಮೆಸೇಜ್ ಸಿಕ್ಕಿತು ಅಂದುಕೊಂಡೆ.

ಬರೆದದ್ದು ಇದು:

"ಚಿನ್ನು, ನಾನು ದಾವಣಗೆರೆ ಮಾಮ. ನಾಳೆ ನಿನ್ನ ಸ್ಕೂಲ್ ಅಂತೆ! ಹಳದಿ ಡಬ್ಬಿ ರೆಡಿ ಆಯ್ತಾ? ಓಬವ್ವನ ಕಿಂಡೀಲಿ ನೀನೇ ಮುಂದೆ ಹೋಗಿ, ಆಮೇಲೆ ಅಪ್ಪನ್ನ ಕರೆದ್ಯಂತೆ. ಭಾರಿ ಹುಡುಗಿ ನೀನು! ನಾಳೆ ಅಪ್ಪ ಗೇಟಿನ ತನಕ ಬರ್ತಾನೆ. ಹಾಡು, ಆಟ, ಡಬ್ಬಿ ಎಲ್ಲಾ ಮುಗಿದ ಮೇಲೆ ಅಮ್ಮ ಬರ್ತಾಳೆ. ನಿನ್ನ ಪಕ್ಕ ಕೂತವರ ಡಬ್ಬಿ ಯಾವ ಬಣ್ಣ ಅಂತ ನೋಡಿಟ್ಕೋ. ಸಾಯಂಕಾಲ ಮಾಮಂಗೆ ಫೋನ್ ಮಾಡಿ ಹೇಳ್ಬೇಕು, ಆಯ್ತಾ?"

ಇದರ ಕೆಳಗೆ, ಬೇರೆ ಮೆಸೇಜಾಗಿ ದೋಸ್ತನಿಗೆ:

"ಲೇ ದೋಸ್ತ, ಮೇಲಿಂದು ಚಿನ್ನೂಗೆ ಓದಿ ಹೇಳು. ಗೇಟಲ್ಲಿ ಜಾಸ್ತಿ ಹೊತ್ತು ನಿಲ್ಲಬ್ಯಾಡ ಮತ್ತೆ. ಬಿಟ್ಟು ಬಂದ ತಕ್ಷಣ ನಂಗೆ ಫೋನ್ ಹಾಕು, ನಾನು ಅಂಗಡೀಲೇ ಇರ್ತೀನಿ. ಮಗಳು ದೊಡ್ಡೋಳಾದ್ಲು ಕಣೋ, ಭಾನುವಾರ ಕರ್ಕೊಂಡ್ ಬಾ, ಬೆಣ್ಣೆ ದೋಸೆ ನನ್ನದು."

ಇದರಲ್ಲಿ ಗಮನಿಸಬೇಕಾದದ್ದು "ಅಮ್ಮ ಬರ್ತಾಳೆ" ಅನ್ನುವ ಸಾಲು. ಮಗುವಿಗೆ ಗಂಟೆ ಗೊತ್ತಿಲ್ಲ. ಹನ್ನೆರಡೂವರೆ ಅಂದರೆ ಅರ್ಥವಾಗುವುದಿಲ್ಲ. ಡಬ್ಬಿ ಆದಮೇಲೆ ಅಂದರೆ ಆಗುತ್ತದೆ. ಅದಕ್ಕೇ ಮೊದಲ ವಾರ ಅರ್ಧ ದಿನವೋ ಪೂರ್ತಿ ದಿನವೋ ಅಂತ ಕೇಳದೆ ನಾನು ಈ ಸಾಲು ಬರೆಯುವುದಿಲ್ಲ. ಕೆಲವರು "ಅಮ್ಮ ಹೊರಗೇ ಕೂತಿರ್ತಾಳೆ" ಅಂತ ಸೇರಿಸಿ ಅನ್ನುತ್ತಾರೆ. ಅಮ್ಮ ನಿಜವಾಗಿ ಕೂರುವುದಾದರೆ ಸರಿ. ಇಲ್ಲದಿದ್ದರೆ ಮಗು ಕಿಟಕಿಯಿಂದ ನೋಡಿ, ಅಮ್ಮ ಕಾಣದೆ, ಮಾರನೇ ದಿನ ಯಾರು ಏನು ಹೇಳಿದರೂ ನಂಬುವುದಿಲ್ಲ. ಭಾನುವಾರದ ದೋಸೆಗೂ ಇದೇ ಮಾತು. ಕೊಡಿಸುತ್ತೀರಾ ಅಂತ ಕೇಳಿ, ಹೌದು ಅಂದಮೇಲೆಯೇ ಬರೆದೆ.

ಸಂಜೆಯ ಪ್ರಶ್ನೆ ನನ್ನದೇ ಹುಡುಕಾಟ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. "ಸ್ಕೂಲ್ ಹೇಗಿತ್ತು?" ಅಂದರೆ ಆ ವಯಸ್ಸಿನ ಮಕ್ಕಳು ಸುಮ್ನೆ ತಲೆ ಆಡಿಸುತ್ತಾರೆ. ನೋಡಿ ಹೇಳಬಹುದಾದ ಒಂದು ಸಣ್ಣ ವಸ್ತು ಕೇಳಬೇಕು. ಅದು ಮಗುವಿಗೆ ಕ್ಲಾಸಿನಲ್ಲಿ ಮಾಡಲು ಒಂದು ಕೆಲಸವೂ ಆಗುತ್ತದೆ. ಪಕ್ಕದವರ ಡಬ್ಬಿ ನೋಡಲು ಹೋಗಿ ಮಾತು ಶುರುವಾಗುತ್ತದೆ. ಯಾವ ಮಗುವಿಗೆ ಯಾವ ಪ್ರಶ್ನೆ ಅಂತ ಆರಿಸಲು ನನ್ನ ಹತ್ತಿರ ಒಂದು ಲೆಕ್ಕವಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಅಂಗಡಿ ನಡೆಯುವುದು ಅದರ ಮೇಲೆ.

ಆ ದಿನ ಮಗು ಗೇಟಿನಲ್ಲಿ ಅತ್ತಿತ್ತು. ಅಳು ನಿಲ್ಲಿಸುವುದು ಮೆಸೇಜಿನ ಕೆಲಸ ಅಲ್ಲ, ಹಾಗಂತ ಗಿರಾಕಿಗೆ ಮುಂಚೆಯೇ ಹೇಳಿರುತ್ತೇನೆ. ಆದರೆ ಸಂಜೆ ಫೋನ್ ಬಂತು. "ಮಾಮ, ಕೆಂಪು. ಅದ್ರಲ್ಲಿ ಚಿತ್ರಾನ್ನ ಇತ್ತು." ವ್ಯಾಪಾರಿ ಮಾರನೇ ದಿನ ಅಂಗಡಿಗೆ ಬಂದು ಇದನ್ನು ಮೂರು ಸಲ ಹೇಳಿದರು. ದುರ್ಗದ ದೋಸ್ತ ತನ್ನ ತಂಗಿ ಮಗನಿಗೂ ಬರೆಸಿಕೊಂಡ. ಅಲ್ಲಿಂದ ಮುಂದೆ ನಾನು ಯಾರಿಗೂ ಪ್ರಚಾರ ಮಾಡಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಮದುವೆ ಕಾರ್ಡಿನಲ್ಲಿ ಉಳಿದ ದಪ್ಪ ಕಾಗದದ ತುಂಡಿನ ಮೇಲೆ ಮೆಸೇಜ್ ಅಚ್ಚು ಹಾಕಿ, ಲ್ಯಾಮಿನೇಷನ್ ಮಾಡಿ, ಕ್ಯೂಆರ್ ಕೋಡ್ ಹಾಕಿದೆ. ಸ್ಕ್ಯಾನ್ ಮಾಡಿದರೆ ಮಾಮನ ದನಿ ಕೇಳಬೇಕು. ಯಾರೂ ಸ್ಕ್ಯಾನ್ ಮಾಡಲಿಲ್ಲ. ಕಾರ್ಡು ಮಾತ್ರ ಮಕ್ಕಳಿಗೆ ಇಷ್ಟವಾಯಿತು, ಆದರೆ ಒಂದಕ್ಕೆ ಹದಿನೈದು ರೂಪಾಯಿ ಹತ್ತಿರ ಖರ್ಚು ಬಿದ್ದು ಉಳಿದದ್ದು ಕಡಿಮೆ. ದನಿಯನ್ನೇ ನೇರವಾಗಿ ವಾಯ್ಸ್ ಮೆಸೇಜಾಗಿ ಕಳಿಸುವುದು ಎಲ್ಲಕ್ಕಿಂತ ಚೆನ್ನಾಗಿ ನಡೆಯಿತು. ಮೇಲಿನ ಮೆಸೇಜ್ ನಿಧಾನವಾಗಿ ಓದಿದರೆ 25, 30 ಸೆಕೆಂಡ್ ಆಗುತ್ತದೆ, ಅದಕ್ಕಿಂತ ಉದ್ದ ಬೇಡ. ಫ್ಯಾನ್ ನಿಲ್ಲಿಸಿ, ಶಟರ್ ಅರ್ಧ ಇಳಿಸಿ ಓದಿಸುತ್ತೇನೆ. ಗಂಡಸರು ಭಾಷಣದ ದನಿ ತೆಗೆಯುತ್ತಾರೆ. ಎರಡು ಸಲ ಓದಿಸಿದರೆ ಸರಿಹೋಗುತ್ತದೆ. ದನಿಯ ಜೊತೆ ಅಕ್ಷರವೂ ಇರಲಿ, ಓದಿ ಹೇಳುವ ಅಪ್ಪನ ದನಿಯನ್ನೇ ಬಯಸುವ ಮಕ್ಕಳೂ ಇದ್ದಾರೆ.

ದುಡ್ಡಿನ ಮಾತು. 100 ರೂಪಾಯಿಗೆ ಯಾರೂ ಮತ್ತೆ ಬರಲಿಲ್ಲ, 30ಕ್ಕೆ ಇಳಿಸಿದರೆ ನನ್ನ ಅರ್ಧ ಗಂಟೆಗೆ ಬೆಲೆಯಿಲ್ಲ. ಈಗ ಅಕ್ಷರ ಮಾತ್ರ 50, ದನಿ ಸೇರಿ 80. ನಿಜವಾದ ಲಾಭ ಬರುವುದು ಹೆಸರಿನ ಲೇಬಲ್‌ನಲ್ಲಿ. ಮೆಸೇಜ್ ಬರೆಸಿದವರು ಡಬ್ಬಿ, ಬಾಟಲಿ, ಬ್ಯಾಗಿಗೆ ಅಂಟಿಸಲು ಮಗುವಿನ ಹೆಸರಿನ ಸ್ಟಿಕ್ಕರ್ ಒಂದು ಎ4 ಹಾಳೆ ತೆಗೆದುಕೊಳ್ಳುತ್ತಾರೆ. ಗೆಳೆಯನ ಮಗಳಿಗೆ ಅದೇ ಉಡುಗೊರೆಯೂ ಆಗುತ್ತದೆ. ಹಾಳೆಗೆ 60 ತೆಗೆದುಕೊಳ್ಳುತ್ತೇನೆ.

ಒಂದನೇ ಕ್ಲಾಸಿಗೆ ಹೋಗುವ ಮಗುವಿಗೆ ಇದೇ ಮೆಸೇಜ್ ಕೊಡಬೇಡಿ. ಅಂಗನವಾಡಿಗೋ ಯುಕೆಜಿಗೋ ಹೋಗಿ ಬಂದ ಮಗು ಅದು. ಗೇಟು, ಡಬ್ಬಿ ಎಲ್ಲ ಅದಕ್ಕೆ ಗೊತ್ತು. ಹಳೆ ಗೆಳೆಯರಲ್ಲಿ ಯಾರು ಅದೇ ಕ್ಲಾಸಿಗೆ ಬರುತ್ತಿದ್ದಾರೆ ಅಂತ ಕೇಳಿಕೊಂಡು ಅಲ್ಲಿಂದ ಶುರು ಮಾಡಬೇಕು. ಕೆಲವು ಮಕ್ಕಳು ಈ ವಯಸ್ಸಿಗೆ ತಾವೇ ಓದುತ್ತಾರೆ, ಅಂಥವರಿಗೆ ಒತ್ತಕ್ಷರ ಕಡಿಮೆ ಇರುವ ಪದ ಹುಡುಕಿ ಬರೆಯುತ್ತೇನೆ. ಅದಕ್ಕೆ ಸಮಯ ಜಾಸ್ತಿ ಹಿಡಿಯುತ್ತದೆ, ಹಾಗಾಗಿ ಒಂದನೇ ಕ್ಲಾಸಿನ ಮೆಸೇಜಿಗೆ 70. ಶಾಲೆ ಶುರುವಾಗುವ ಎರಡು ದಿನ ಮುಂಚೆ ವಿವರ ಕೊಟ್ಟವರಿಗೆ ಮಾತ್ರ.